ನೆಕ್ರೋಸಿಸ್ ಮತ್ತು ಉರಿಯೂತದ ಟಿಪ್ಪಣಿಗಳನ್ನು ಒಂದು ಕೋಷ್ಟಕಕ್ಕೆ ತರುವುದು ಹೇಗೆ?

ಎರಡನೇ ವರ್ಷದವಳು

ಎಲ್ಲರಿಗೂ ನಮಸ್ಕಾರ. ನಾನು ಎಂಬಿಬಿಎಸ್ ಎರಡನೇ ವರ್ಷದ ವಿದ್ಯಾರ್ಥಿನಿ. ಜನರಲ್ ಪೆಥಾಲಜಿಯ ಉಪನ್ಯಾಸಗಳಲ್ಲಿ ಬರೆದುಕೊಂಡ ಟಿಪ್ಪಣಿಗಳು ಚದುರಿಹೋಗಿರುವುದರಿಂದ, ನೆಕ್ರೋಸಿಸ್ ಮತ್ತು ಉರಿಯೂತ ಎರಡನ್ನೂ ಸೇರಿಸಿ ಉದಾಹರಣೆಗಳ ಸಮೇತ ಒಂದು ಹೋಲಿಕೆಯ ಕೋಷ್ಟಕ ಮಾಡಲು ಹೊರಟಿದ್ದೇನೆ. ಎಡಗಡೆಗೆ ನೆಕ್ರೋಸಿಸ್, ಬಲಗಡೆಗೆ ಉರಿಯೂತ ಎಂದು ಇಟ್ಟು, ಸಾಲುಗಳಲ್ಲಿ ಕಾರಣ, ಅವಧಿ, ಕಣ್ಣಿಗೆ ಕಾಣುವ ರೂಪ, ಸ್ಲೈಡಿನಲ್ಲಿ ಕಾಣುವುದು, ಉದಾಹರಣೆ ಎಂದು ಬರೆದಿದ್ದೇನೆ.

ತೊಡಕು ಉದಾಹರಣೆಗಳಲ್ಲಿ ಬಂದಿದೆ. ಕ್ಷಯದ ಗಂಟು ಕೇಸಿಯಸ್ ನೆಕ್ರೋಸಿಸ್‌ಗೂ ಉದಾಹರಣೆ, ಗ್ರ್ಯಾನುಲೋಮದ ಉರಿಯೂತಕ್ಕೂ ಉದಾಹರಣೆ. ಆಬ್ಸೆಸ್ ಲಿಕ್ವಿಫ್ಯಾಕ್ಟಿವ್ ನೆಕ್ರೋಸಿಸ್‌ನಲ್ಲೂ ಇದೆ, ಕೀವಿನ ಉರಿಯೂತದಲ್ಲೂ ಇದೆ. ಕಾರಣದ ಸಾಲಿನಲ್ಲಿ "ರಕ್ತಪೂರೈಕೆ ನಿಂತದ್ದು" ಎಂದು ಬರೆದರೆ ಹೃದಯವೂ ಬರುತ್ತದೆ, ಮೆದುಳೂ ಬರುತ್ತದೆ, ಆದರೆ ಅವೆರಡರ ನೆಕ್ರೋಸಿಸ್ ಬೇರೆ ಬೇರೆ. ಗ್ಯಾಂಗ್ರೀನನ್ನು ಎಲ್ಲಿ ಇಡಬೇಕೆಂಬುದೂ ತಿಳಿಯುತ್ತಿಲ್ಲ. ಒಂದೇ ಉದಾಹರಣೆಯನ್ನು ಎರಡು ಕಡೆ ಬರೆಯುವುದು ಸರಿಯೇ, ಅಥವಾ ವಿಂಗಡಣೆಯ ಕ್ರಮದಲ್ಲಿಯೇ ದೋಷವಿದೆಯೇ?

ತುಂಗಾತೀರ

ನಾನು ಈಗ ಇಂಟರ್ನ್‌ಶಿಪ್‌ನಲ್ಲಿದ್ದೇನೆ. ನಾವು ಓದುವಾಗ ಇದನ್ನು ಸಮಯದ ಮೇಲೆ ವಿಂಗಡಿಸಿಕೊಂಡಿದ್ದೆವು, ಅದು ಬಹಳ ಸುಲಭ. ಮೊದಲ 6ರಿಂದ 24 ಗಂಟೆಗಳಲ್ಲಿ ನ್ಯೂಟ್ರೊಫಿಲ್‌ಗಳು ಬರುತ್ತವೆ, 24ರಿಂದ 48 ಗಂಟೆಗಳ ಹೊತ್ತಿಗೆ ಮಾನೋಸೈಟ್‌ಗಳು ಬಂದು ಮ್ಯಾಕ್ರೋಫೇಜ್ ಆಗುತ್ತವೆ, ಆಮೇಲೆ ಉಳಿಯುವುದು ಲಿಂಫೋಸೈಟ್ ಮತ್ತು ಪ್ಲಾಸ್ಮಾ ಕೋಶಗಳು. ಆದ್ದರಿಂದ ನ್ಯೂಟ್ರೊಫಿಲ್ ಕಂಡರೆ ತೀವ್ರ ಉರಿಯೂತ, ಲಿಂಫೋಸೈಟ್ ಕಂಡರೆ ದೀರ್ಘಕಾಲಿಕ ಉರಿಯೂತ ಎಂದು ಬರೆದುಕೊಳ್ಳಿ. ನೆಕ್ರೋಸಿಸ್‌ನ ಬಗೆಗಳನ್ನು ಅಂಗದ ಮೇಲೆ ವಿಂಗಡಿಸಿ: ಹೃದಯ, ಮೂತ್ರಪಿಂಡ, ಗುಲ್ಮ ಎಂದರೆ ಕೋಯಾಗ್ಯುಲೇಟಿವ್, ಮೆದುಳು ಎಂದರೆ ಲಿಕ್ವಿಫ್ಯಾಕ್ಟಿವ್, ಕ್ಷಯ ಎಂದರೆ ಕೇಸಿಯಸ್, ಮೇದೋಜೀರಕ ಗ್ರಂಥಿ ಎಂದರೆ ಫ್ಯಾಟ್ ನೆಕ್ರೋಸಿಸ್. ವೈವಾದಲ್ಲಿ ಇಷ್ಟು ಹೇಳಿದರೆ ಸಾಕು.

ಸೂಕ್ಷ್ಮದರ್ಶಿ

ಪೆಥಾಲಜಿ ವಿಭಾಗದಲ್ಲಿ ಬಹುಕಾಲ ಪಾಠ ಮಾಡಿ ನಿವೃತ್ತನಾದವನು ನಾನು. ಪ್ರಶ್ನೆ ಕೇಳಿದ ವಿದ್ಯಾರ್ಥಿನಿಯ ಅನುಮಾನ ಸರಿಯಾದ ಜಾಗದಲ್ಲಿಯೇ ಎದ್ದಿದೆ. ನೆಕ್ರೋಸಿಸ್ ಮತ್ತು ಉರಿಯೂತವನ್ನು ಎಡ ಬಲ ನಿಲ್ಲಿಸಿ ಹೋಲಿಸಲು ಬರುವುದಿಲ್ಲ, ಏಕೆಂದರೆ ಅವು ಒಂದೇ ಪ್ರಶ್ನೆಗೆ ಎರಡು ಉತ್ತರಗಳಲ್ಲ. ಅಂಗಾಂಶ ಹೇಗೆ ಸತ್ತಿತು, ಸತ್ತ ಮೇಲೆ ಯಾವ ರೂಪದಲ್ಲಿ ಉಳಿಯಿತು ಎಂಬುದು ಮೊದಲ ಪ್ರಶ್ನೆ. ಅದಕ್ಕೆ ಬದುಕಿರುವ ದೇಹ ಏನು ಮಾಡಿತು ಎಂಬುದು ಎರಡನೆಯದು. ಸತ್ತ ಕೋಶದ ಪೊರೆ ಒಡೆದು ಒಳಗಿನ ವಸ್ತುಗಳು ಹೊರಬಂದಾಗ ಅವೇ ಉರಿಯೂತವನ್ನು ಕರೆಯುತ್ತವೆ. ಅಪೊಪ್ಟೋಸಿಸ್‌ನಲ್ಲಿ ಕೋಶ ಪೊರೆಯೊಳಗೇ ತುಂಡಾಗಿ ನುಂಗಲ್ಪಡುವುದರಿಂದ ಆ ಕರೆ ಹೋಗುವುದಿಲ್ಲ. ಆದ್ದರಿಂದ ಒಂದೇ ಉದಾಹರಣೆ ಎರಡೂ ಕಡೆ ಬರುವುದು ದೋಷವಲ್ಲ, ಬಾರದಿದ್ದರೆ ಅದು ಅನುಮಾನಿಸಬೇಕಾದ ಸಂಗತಿ.

ನನ್ನ ಸಲಹೆ ಹೀಗಿದೆ. ಸಾಲುಗಳಲ್ಲಿ ನೆಕ್ರೋಸಿಸ್‌ನ ಬಗೆಗಳು ಮಾತ್ರ ಇರಲಿ. ಅಂಕಣಗಳಲ್ಲಿ ಕಣ್ಣಿಗೆ ಕಾಣುವ ರೂಪ, ಸ್ಲೈಡಿನ ರೂಪ, ಆಮೇಲೆ "ಸುತ್ತ ಬಂದ ಕೋಶಗಳು" ಎಂಬ ಒಂದು ಅಂಕಣ, ಕೊನೆಗೆ ಉದಾಹರಣೆ ಇರಲಿ. ಆ ನಡುವಿನ ಅಂಕಣವೇ ಎರಡು ಅಧ್ಯಾಯಗಳನ್ನು ಜೋಡಿಸುತ್ತದೆ. ಕಾರಣವನ್ನು ಪ್ರತ್ಯೇಕ ಅಂಕಣವಾಗಿಸದೆ ಉದಾಹರಣೆಯ ಜೊತೆಗೆ ಬರೆಯಿರಿ. ಒಂದೇ ಕಾರಣ ಎರಡು ಬಗೆಯ ನೆಕ್ರೋಸಿಸ್ ತರಬಲ್ಲದು, ನಿಮಗೇ ಸಿಕ್ಕಿರುವ ಹೃದಯ ಮತ್ತು ಮೆದುಳು ಇದಕ್ಕೆ ಸಾಕ್ಷಿ. ಒಂದೇ ಬಗೆಗೆ ಎರಡು ಕಾರಣಗಳೂ ಇರಬಲ್ಲವು: ಫ್ಯಾಟ್ ನೆಕ್ರೋಸಿಸ್ ಮೇದೋಜೀರಕ ಗ್ರಂಥಿಯ ಸುತ್ತ ಸೋರಿದ ಲೈಪೇಸ್‌ನಿಂದ ಆಗುತ್ತದೆ, ಸ್ತನದಲ್ಲಿ ಪೆಟ್ಟು ಅಥವಾ ಶಸ್ತ್ರಚಿಕಿತ್ಸೆಯಿಂದ ಆಗುತ್ತದೆ.

ತುಂಗಾತೀರ ಅವರು ಹೇಳಿದ ಸಮಯದ ಕ್ರಮ ಬಹಳಷ್ಟು ಪ್ರಸಂಗಗಳಲ್ಲಿ ನಿಜ, ಆದರೆ ಅದನ್ನು ವಿಂಗಡಣೆಯ ಅಳತೆಗೋಲು ಮಾಡಬಾರದು. ವೈರಸ್ ಸೋಂಕಿನಲ್ಲಿ ಮೊದಲಿಗೇ ಲಿಂಫೋಸೈಟ್‌ಗಳು ಬರಬಹುದು. ಸ್ಯೂಡೊಮೊನಾಸ್ ಸೋಂಕಿನಲ್ಲಿ ನ್ಯೂಟ್ರೊಫಿಲ್‌ಗಳು ಹಲವು ದಿನ ಬರುತ್ತಲೇ ಇರುತ್ತವೆ. ವರ್ಷಗಟ್ಟಲೆ ಸೋರುವ ಮೂಳೆಯ ಸೋಂಕಿನಲ್ಲೂ ಕೀವು ಇರುತ್ತದೆ. ಕೋಶವನ್ನು ನೋಡಿ ದಿನ ಹೇಳುವುದು ಒಂದು ಊಹೆ ಎಂದು ತಿಳಿದಿರಬೇಕು.

ಹೊಸಮನೆ

ಕ್ಷಮಿಸಿ, ನಾನು ವೈದ್ಯಕೀಯ ಓದಿದವನಲ್ಲ. ಗ್ಯಾಂಗ್ರೀನ್ ಎಂಬ ಪದ ಕಂಡದ್ದರಿಂದ ಬರೆಯುತ್ತಿದ್ದೇನೆ. ನಮ್ಮ ತಂದೆಯವರಿಗೆ ಬಹುಕಾಲದಿಂದ ಸಕ್ಕರೆ ಕಾಯಿಲೆಯಿದೆ. ಈಗ ಕಾಲಿನ ಕಿರುಬೆರಳು ಕಪ್ಪಾಗಿ ಒಣಗಿದಂತಾಗಿದೆ, ನೋವೂ ಇಲ್ಲ ಎನ್ನುತ್ತಾರೆ. ನೀವು ಮಾಡುತ್ತಿರುವ ಪಟ್ಟಿಯ ಪ್ರಕಾರ ಇದು ಯಾವ ಬಗೆ, ಯಾವುದರಲ್ಲಿ ಬೆರಳು ಉಳಿಯುತ್ತದೆ ಎಂದು ತಿಳಿಸಿದರೆ ಉಪಕಾರವಾಗುತ್ತದೆ.

ಸೂಕ್ಷ್ಮದರ್ಶಿ

ಹೊಸಮನೆಯವರೇ, ಇಲ್ಲಿ ನಡೆಯುತ್ತಿರುವುದು ಪರೀಕ್ಷೆಗೆ ಓದುವವರ ಟಿಪ್ಪಣಿ ಜೋಡಣೆ. ಇದರಿಂದ ನಿಮ್ಮ ತಂದೆಯವರ ಬೆರಳಿನ ವಿಷಯ ತೀರ್ಮಾನ ಮಾಡಲಾಗದು. ನೋವಿಲ್ಲ ಎಂಬುದನ್ನು ಸಮಾಧಾನದ ಮಾತೆಂದು ಎಣಿಸಬೇಡಿ, ಸಕ್ಕರೆ ಕಾಯಿಲೆಯಲ್ಲಿ ನರಗಳು ಮಂದವಾಗಿ ನೋವು ತಿಳಿಯದೇ ಹೋಗುತ್ತದೆ. ಇಂದೇ ಅಥವಾ ನಾಳೆ ಬೆಳಿಗ್ಗೆ ಶಸ್ತ್ರವೈದ್ಯರಿಗೆ ತೋರಿಸಿ, ಪಾದದ ರಕ್ತಸಂಚಾರವನ್ನು ಅವರು ಪರೀಕ್ಷಿಸಬೇಕು. ವಾಸನೆ, ಊತ, ಕೀವು ಅಥವಾ ಜ್ವರ ಕಂಡರೆ ಗಂಟೆಯೂ ಕಾಯದೆ ಆಸ್ಪತ್ರೆಗೆ ಹೋಗಿ.

ವಿದ್ಯಾರ್ಥಿನಿಗೆ ಒಂದು ಮಾತು. ಇವರ ಪ್ರಶ್ನೆ ನಿಮ್ಮ ಗೊಂದಲಕ್ಕೂ ಉತ್ತರ ಕೊಡುತ್ತದೆ. ಗ್ಯಾಂಗ್ರೀನ್ ಎಂಬುದು ರೋಗಿಯ ಹಾಸಿಗೆಯ ಪಕ್ಕದಲ್ಲಿ ಶಸ್ತ್ರವೈದ್ಯರು ಆಡುವ ಮಾತು, ಅದು ನೆಕ್ರೋಸಿಸ್‌ನ ಆರನೆಯ ಬಗೆಯಲ್ಲ. ಒಣ ಗ್ಯಾಂಗ್ರೀನ್‌ನಲ್ಲಿ ಇರುವುದು ರಕ್ತಪೂರೈಕೆ ನಿಂತ ಕೋಯಾಗ್ಯುಲೇಟಿವ್ ನೆಕ್ರೋಸಿಸ್. ಅದಕ್ಕೆ ಬ್ಯಾಕ್ಟೀರಿಯಾ ಸೇರಿ, ಅವುಗಳ ಮತ್ತು ನ್ಯೂಟ್ರೊಫಿಲ್‌ಗಳ ಕಿಣ್ವಗಳಿಂದ ಅಂಗಾಂಶ ಕರಗಿದಾಗ ಹಸಿ ಗ್ಯಾಂಗ್ರೀನ್ ಆಗುತ್ತದೆ. ಆದ್ದರಿಂದ ಅದನ್ನು ಸಾಲಾಗಿ ಬರೆಯದೆ ಕೋಷ್ಟಕದ ಕೆಳಗೆ ಎರಡು ವಾಕ್ಯಗಳಲ್ಲಿ ಬರೆಯಿರಿ.

ಹೊಸಮನೆ

ತಿಳಿಯಿತು ಸರ್. ತಮ್ಮನಿಗೆ ಈಗಲೇ ಫೋನ್ ಮಾಡಿ ನಾಳೆ ಬೆಳಿಗ್ಗೆ ಕರೆದುಕೊಂಡು ಹೋಗಲು ಹೇಳುತ್ತೇನೆ.

ಪ್ಯಾರಾಫಿನ್

ನಾನು ಹಿಸ್ಟೋಪೆಥಾಲಜಿ ಪ್ರಯೋಗಾಲಯದಲ್ಲಿ ಟೆಕ್ನಿಷಿಯನ್. ರೋಗನಿರ್ಣಯ ನನ್ನ ಕೆಲಸವಲ್ಲವಾದರೂ ಬ್ಲಾಕ್ ಮಾಡಿ, ಕತ್ತರಿಸಿ, ಬಣ್ಣ ಹಾಕುವವರಿಗೆ ಕಾಣುವ ಎರಡು ಸಂಗತಿಗಳನ್ನು ಹೇಳುತ್ತೇನೆ.

ಫ್ಯಾಟ್ ನೆಕ್ರೋಸಿಸ್‌ನ ಸಾಲಿನಲ್ಲಿ "ಸ್ಲೈಡಿನಲ್ಲಿ ಕೊಬ್ಬು ಕಾಣುತ್ತದೆ" ಎಂದು ಯಾರೂ ಬರೆಯದಿರಲಿ. ಪ್ಯಾರಾಫಿನ್‌ಗೆ ಹಾಕುವ ಮೊದಲು ಅಂಗಾಂಶ ಆಲ್ಕೋಹಾಲ್ ಮತ್ತು ಜೈಲೀನ್ ದಾಟಿ ಬರುವುದರಿಂದ ಕೊಬ್ಬು ಅಲ್ಲಿಯೇ ಕರಗಿ ಹೋಗಿರುತ್ತದೆ. ಉಳಿಯುವುದು ಸತ್ತ ಕೊಬ್ಬಿನ ಕೋಶಗಳ ಮಸುಕಾದ ಹೊರಗೆರೆ ಮತ್ತು ಕ್ಯಾಲ್ಸಿಯಂ ಕುಳಿತ ಕಡೆ ನೀಲಿ ಛಾಯೆ. ಗ್ರಾಸಿಂಗ್ ಮೇಜಿನ ಮೇಲೆ ಅದೇ ಜಾಗ ಸುಣ್ಣದ ಬಿಳಿ ಚುಕ್ಕೆಯಾಗಿ ಕಂಡಿರುತ್ತದೆ.

ಎರಡನೆಯದು, ಫಾರ್ಮಲಿನ್ ಇಲ್ಲದೆ ಬರುವ ಮಾದರಿಗಳ ವಿಷಯ. ಒಮ್ಮೆ ಒಂದು ಪಿತ್ತಕೋಶ ಬರಿಯ ಡಬ್ಬಿಯಲ್ಲಿ ಇಡೀ ರಾತ್ರಿ ಇದ್ದು ನಮ್ಮಲ್ಲಿಗೆ ಬಂದಿತ್ತು. ಸ್ಲೈಡಿನಲ್ಲಿ ಒಳಪದರದ ಕೋಶಗಳಿಗೆ ಕೋಶಕೇಂದ್ರವೇ ಇರಲಿಲ್ಲ, ಎಲ್ಲವೂ ನಸುಗುಲಾಬಿ. ತರಬೇತಿಗೆ ಬಂದಿದ್ದ ಹುಡುಗರು ಅದನ್ನು ನೆಕ್ರೋಸಿಸ್ ಎಂದರು. ನಮ್ಮ ಡಾಕ್ಟರ್ ಮೇಡಂ ಒಂದೇ ಪ್ರಶ್ನೆ ಕೇಳಿದರು: ಸುತ್ತ ಒಂದಾದರೂ ನ್ಯೂಟ್ರೊಫಿಲ್ ಕಾಣುತ್ತಿದೆಯೇ, ರಕ್ತನಾಳಗಳು ಹಿಗ್ಗಿವೆಯೇ? ಅಂಥದ್ದೇನೂ ಇರಲಿಲ್ಲ. ಅದು ದೇಹದಿಂದ ಹೊರಬಂದ ಮೇಲೆ ಕೊಳೆತದ್ದು, ಅಂದರೆ ಆಟೋಲೈಸಿಸ್. ಹಾಗಾಗಿ ಸೂಕ್ಷ್ಮದರ್ಶಿ ಸರ್ ಹೇಳಿದ "ಸುತ್ತ ಬಂದ ಕೋಶಗಳು" ಅಂಕಣ ಪರೀಕ್ಷೆಗಷ್ಟೇ ಅಲ್ಲ, ನಮ್ಮ ಮೇಜಿನ ಮೇಲೂ ಕೆಲಸಕ್ಕೆ ಬರುತ್ತದೆ. ಮಾದರಿಯ ಗಾತ್ರದ ಹತ್ತರಷ್ಟು ಫಾರ್ಮಲಿನ್ ಹಾಕಿ ಕಳಿಸಿದರೆ ಈ ಪ್ರಶ್ನೆಯೇ ಏಳುವುದಿಲ್ಲ ಎಂಬುದು ನಮ್ಮ ಹಳೆಯ ದೂರು.

ತುಂಗಾತೀರ

ಹಾಗಾದರೆ ಉರಿಯೂತದ ಕೋಶ ಇಲ್ಲದಿದ್ದರೆ ನೆಕ್ರೋಸಿಸ್ ಅಲ್ಲ ಎಂದು ನಿಯಮವಾಗಿ ಬರೆಯಬಹುದಲ್ಲವೇ?

ಸೂಕ್ಷ್ಮದರ್ಶಿ

ಬರೆಯಬಾರದು. ಕೋಶಗಳು ಬಂದಿದ್ದರೆ ಆ ಸಾವು ಜೀವವಿದ್ದಾಗಲೇ ಆದದ್ದು ಎಂದು ಹೇಳಬಹುದು. ಬಂದಿಲ್ಲವೆಂದ ಮಾತ್ರಕ್ಕೆ ಅದರ ತಿರುಗುಮುರುಗು ಹೇಳಲಾಗದು. ಕೋಶಗಳು ಬರಲು ಸಮಯ ಬೇಕು, ರಕ್ತದ ಹರಿವು ಬೇಕು, ಬರಲು ಕೋಶಗಳೂ ಇರಬೇಕು. ಕ್ಯಾನ್ಸರ್ ಚಿಕಿತ್ಸೆಯಿಂದ ನ್ಯೂಟ್ರೊಫಿಲ್‌ಗಳು ತೀರಾ ಇಳಿದಿರುವ ರೋಗಿಯಲ್ಲಿ ದೊಡ್ಡ ನೆಕ್ರೋಸಿಸ್ ಸುತ್ತಲೂ ಬಹುತೇಕ ಯಾರೂ ಇರದಿರಬಹುದು.

ಹೃದಯಾಘಾತದ ಒಂದೇ ಪ್ರಸಂಗವನ್ನು ದಿನದಿಂದ ದಿನಕ್ಕೆ ನೋಡಿದರೆ ಈ ಅಂಕಣದ ಉಪಯೋಗ ತಿಳಿಯುತ್ತದೆ. ರಕ್ತನಾಳ ಮುಚ್ಚಿ ಎರಡು ಗಂಟೆಯೊಳಗೆ ರೋಗಿ ತೀರಿಕೊಂಡರೆ ಸಾಮಾನ್ಯ ಸ್ಲೈಡಿನಲ್ಲಿ ಹೃದಯದ ಸ್ನಾಯು ಹೆಚ್ಚುಕಡಿಮೆ ಸಹಜವಾಗಿಯೇ ಕಾಣುತ್ತದೆ. ಅಂಚಿನಲ್ಲಿ ಕೆಲವು ಎಳೆಗಳು ಅಲೆಅಲೆಯಾಗಿರಬಹುದು, ಅಷ್ಟೇ. ಅರ್ಧ ದಿನ ದಾಟುವ ಹೊತ್ತಿಗೆ ಎಳೆಗಳು ಗಾಢ ಗುಲಾಬಿಯಾಗಿ ಕೋಶಕೇಂದ್ರಗಳು ಮುದುಡತೊಡಗುತ್ತವೆ, ನ್ಯೂಟ್ರೊಫಿಲ್‌ಗಳು ಆಗಷ್ಟೇ ಕಾಲಿಡುತ್ತಿರುತ್ತವೆ. ಮೂರನೆಯ ದಿನದ ಸ್ಲೈಡಿನಲ್ಲಿ ಎಳೆಗಳ ಹೊರಗೆರೆ ಹಾಗೆಯೇ ಇದೆ, ಕೋಶಕೇಂದ್ರಗಳಿಲ್ಲ, ಎಳೆಗಳ ನಡುವೆ ನ್ಯೂಟ್ರೊಫಿಲ್‌ಗಳು ಕಿಕ್ಕಿರಿದಿವೆ. 48 ಗಂಟೆಗೆ ಮ್ಯಾಕ್ರೋಫೇಜ್ ಎಂಬ ಲೆಕ್ಕ ಇಲ್ಲಿ ನಡೆಯಲಿಲ್ಲ ಎಂಬುದನ್ನು ಗಮನಿಸಿ. ಒಂದು ವಾರದ ಹೊತ್ತಿಗೆ ಅಂಚಿನಿಂದ ಮ್ಯಾಕ್ರೋಫೇಜ್‌ಗಳು ಸತ್ತ ಎಳೆಗಳನ್ನು ತೆರವುಗೊಳಿಸುತ್ತಿರುತ್ತವೆ, ಹತ್ತನೆಯ ದಿನದ ಸುಮಾರಿಗೆ ಅದೇ ಅಂಚಿನಲ್ಲಿ ಗ್ರ್ಯಾನುಲೇಷನ್ ಅಂಗಾಂಶ ಚಿಗುರಿರುತ್ತದೆ. ಎರಡು ತಿಂಗಳು ಕಳೆದರೆ ಕಲೆಗಟ್ಟಿದ ಕೊಲಾಜನ್ ಉಳಿಯುತ್ತದೆ.

ಇಡೀ ಅವಧಿಯಲ್ಲಿ ನೆಕ್ರೋಸಿಸ್‌ನ ಹೆಸರು ಕೋಯಾಗ್ಯುಲೇಟಿವ್ ಎಂದೇ ಇದೆ. ಬದಲಾದದ್ದು ಸುತ್ತ ಬಂದವರ ಪಟ್ಟಿ. ಆದ್ದರಿಂದ ಆ ಅಂಕಣದಲ್ಲಿ ಒಂದೇ ಕೋಶದ ಹೆಸರು ಬರೆದು ಮುಗಿಸಬೇಡಿ. ಮೊದಲು ಯಾರು, ಆಮೇಲೆ ಯಾರು ಎಂದು ಬರೆಯಿರಿ.

ತುಂಗಾತೀರ

ಒಪ್ಪುತ್ತೇನೆ ಸರ್, ಆದರೆ ಹತ್ತನೆಯ ದಿನದ ಮ್ಯಾಕ್ರೋಫೇಜ್‌ಗಳನ್ನು ದೀರ್ಘಕಾಲಿಕ ಉರಿಯೂತ ಎಂದು ಕರೆಯುವುದರಲ್ಲಿ ತಪ್ಪೇನು? ಮ್ಯಾಕ್ರೋಫೇಜ್ ಇದೆ, ಹೊಸ ರಕ್ತನಾಳಗಳಿವೆ, ನಾರು ಕಟ್ಟುತ್ತಿದೆ. ನಮಗೆ ಹೇಳಿಕೊಟ್ಟ ಮೂರೂ ಲಕ್ಷಣ ಅಲ್ಲಿವೆ.

ಸೂಕ್ಷ್ಮದರ್ಶಿ

ಲಕ್ಷಣಗಳು ಹೋಲುತ್ತವೆ, ನಿಜ. ಆದರೆ ದೀರ್ಘಕಾಲಿಕ ಉರಿಯೂತದಲ್ಲಿ ಪೆಟ್ಟು ಮುಂದುವರಿಯುತ್ತಿರುತ್ತದೆ, ಅಂಗಾಂಶದ ನಾಶ ಮತ್ತು ದುರಸ್ತಿ ಜೊತೆಜೊತೆಯಲ್ಲಿ ನಡೆಯುತ್ತವೆ. ಇನ್‌ಫಾರ್ಕ್ಟ್‌ನಲ್ಲಿ ಪೆಟ್ಟು ಒಮ್ಮೆ ಬಿದ್ದು ಮುಗಿದಿದೆ, ಈಗ ನಡೆಯುತ್ತಿರುವುದು ತೆರವು ಮತ್ತು ದುರಸ್ತಿ. ನಾನು ಉತ್ತರಪತ್ರಿಕೆಯಲ್ಲಿ "ದುರಸ್ತಿ" ಎಂಬುದನ್ನೇ ನಿರೀಕ್ಷಿಸುತ್ತಿದ್ದೆ.

ಎರಡನೇ ವರ್ಷದವಳು

ಎಲ್ಲರ ಮಾತುಗಳನ್ನೂ ಇಟ್ಟುಕೊಂಡು ಮತ್ತೆ ಬರೆದ ಕೋಷ್ಟಕ ಇಲ್ಲಿದೆ. ಉರಿಯೂತದ ಬಗೆಗಳಿಗೆ ಬೇರೆಯೇ ಕೋಷ್ಟಕ ಮಾಡುತ್ತೇನೆ.

| ನೆಕ್ರೋಸಿಸ್ | ಕಣ್ಣಿಗೆ | ಸ್ಲೈಡಿನಲ್ಲಿ | ಸುತ್ತ ಬಂದ ಕೋಶಗಳು | ಉದಾಹರಣೆ ಮತ್ತು ಕಾರಣ |
|---|---|---|---|---|
| ಕೋಯಾಗ್ಯುಲೇಟಿವ್ | ಗಟ್ಟಿ, ಪೇಲವ | ಹೊರಗೆರೆ ಉಳಿದಿದೆ, ಕೋಶಕೇಂದ್ರವಿಲ್ಲ | ನ್ಯೂಟ್ರೊಫಿಲ್, ಆಮೇಲೆ ಮ್ಯಾಕ್ರೋಫೇಜ್, ಕೊನೆಗೆ ದುರಸ್ತಿ | ಹೃದಯ, ಮೂತ್ರಪಿಂಡದ ಇನ್‌ಫಾರ್ಕ್ಟ್. ರಕ್ತಪೂರೈಕೆ ನಿಂತದ್ದು |
| ಲಿಕ್ವಿಫ್ಯಾಕ್ಟಿವ್ | ಮೆತ್ತಗೆ, ದ್ರವ ಅಥವಾ ಕೀವು | ಹೊರಗೆರೆ ಕರಗಿದೆ | ಆಬ್ಸೆಸ್‌ನಲ್ಲಿ ನ್ಯೂಟ್ರೊಫಿಲ್ ರಾಶಿ. ಮೆದುಳಿನಲ್ಲಿ ಕೊನೆಗೆ ಮ್ಯಾಕ್ರೋಫೇಜ್ | ಬ್ಯಾಕ್ಟೀರಿಯಾದ ಆಬ್ಸೆಸ್. ಮೆದುಳಿನ ಇನ್‌ಫಾರ್ಕ್ಟ್ |
| ಕೇಸಿಯಸ್ | ಗಿಣ್ಣಿನಂತೆ ಪುಡಿಯಾಗುವ ಹಳದಿಬಿಳುಪು | ರೂಪವಿಲ್ಲದ ಹರಳುಹರಳಾದ ಗುಲಾಬಿ | ಎಪಿಥೆಲಾಯ್ಡ್ ಮ್ಯಾಕ್ರೋಫೇಜ್, ದೈತ್ಯಕೋಶ, ಅಂಚಿನಲ್ಲಿ ಲಿಂಫೋಸೈಟ್ | ಕ್ಷಯದ ಗ್ರ್ಯಾನುಲೋಮ |
| ಫ್ಯಾಟ್ | ಸುಣ್ಣದ ಬಿಳಿ ಚುಕ್ಕೆ | ಮಸುಕು ಹೊರಗೆರೆ, ಕ್ಯಾಲ್ಸಿಯಂನ ನೀಲಿ ಛಾಯೆ | ನ್ಯೂಟ್ರೊಫಿಲ್, ಆಮೇಲೆ ಕೊಬ್ಬು ನುಂಗಿದ ಮ್ಯಾಕ್ರೋಫೇಜ್ | ಮೇದೋಜೀರಕ ಗ್ರಂಥಿ, ಲೈಪೇಸ್. ಸ್ತನ, ಪೆಟ್ಟು |
| ಫೈಬ್ರಿನಾಯ್ಡ್ | ಕಾಣದು | ರಕ್ತನಾಳದ ಗೋಡೆಯಲ್ಲಿ ಹೊಳಪು ಗುಲಾಬಿ | ? | ಪಾಲಿಆರ್ಟರೈಟಿಸ್ ನೋಡೋಸಾ. ಮ್ಯಾಲಿಗ್ನೆಂಟ್ ರಕ್ತದೊತ್ತಡ |

ಎರಡು ಸಂದೇಹ ಉಳಿದಿವೆ. ಫೈಬ್ರಿನಾಯ್ಡ್‌ನ ಸಾಲಿನಲ್ಲಿ ಏನು ಬರೆಯಬೇಕು? ಮೆದುಳು ಮಾತ್ರ ಏಕೆ ಕರಗುತ್ತದೆ? ಅದರಲ್ಲಿ ಕೊಬ್ಬು ಹೆಚ್ಚು, ನಾರಿನ ಆಸರೆ ಕಡಿಮೆ ಎಂದು ನನ್ನ ಟಿಪ್ಪಣಿಯಲ್ಲಿದೆ.

ಸೂಕ್ಷ್ಮದರ್ಶಿ

ಕೋಷ್ಟಕ ಓದಲು ಬರುವಂತಿದೆ. ಫೈಬ್ರಿನಾಯ್ಡ್‌ನ ಸಾಲಿನಲ್ಲಿ ಎರಡು ಉದಾಹರಣೆಗಳಿಗೆ ಎರಡು ಉತ್ತರ ಬರೆಯಿರಿ. ಪಾಲಿಆರ್ಟರೈಟಿಸ್‌ನಲ್ಲಿ ನಾಳದ ಗೋಡೆಯ ತುಂಬ ಉರಿಯೂತದ ಕೋಶಗಳಿರುತ್ತವೆ, ಅಲ್ಲಿ ಉರಿಯೂತವೇ ಗೋಡೆಯನ್ನು ಕೊಂದಿದೆ. ಮ್ಯಾಲಿಗ್ನೆಂಟ್ ರಕ್ತದೊತ್ತಡದಲ್ಲಿ ಗೋಡೆಯನ್ನು ಕೆಡಿಸಿದ್ದು ಒತ್ತಡ, ಸುತ್ತ ಬಹುಮಟ್ಟಿಗೆ ಯಾರೂ ಬಂದಿರುವುದಿಲ್ಲ.

ಮೆದುಳಿನ ಬಗ್ಗೆ ನಿಮ್ಮ ಟಿಪ್ಪಣಿಯ ವಿವರಣೆಯನ್ನು ಹಲವರು ಕೊಡುತ್ತಾರೆ. ಅದು ತರ್ಕಕ್ಕೆ ಹೊಂದುತ್ತದೆ, ಆದರೆ ಸಿದ್ಧವಾದ ಕಾರಣ ಎಂದು ನಾನು ಬೋಧಿಸಿದ್ದಿಲ್ಲ. "ಹೀಗೆಂದು ಹೇಳುತ್ತಾರೆ" ಎಂದು ಬರೆದುಕೊಳ್ಳಿ.

ಕೇಸಿಯಸ್ ಸಾಲಿನ ಉದಾಹರಣೆಯಲ್ಲಿ ಇನ್ನೊಂದು ಹೆಸರು ಸೇರಿಸಿ. ಹಿಸ್ಟೊಪ್ಲಾಸ್ಮಾದಂತಹ ಶಿಲೀಂಧ್ರದ ಸೋಂಕಿನಲ್ಲೂ ಕೇಸಿಯಸ್ ಬರುತ್ತದೆ, ಮತ್ತು ಕೇಸಿಯಸ್ ಇಲ್ಲದ ಗ್ರ್ಯಾನುಲೋಮ ಕ್ಷಯದಲ್ಲೂ ಇರಬಹುದು. ಸಾರ್ಕಾಯ್ಡ್‌ನ ಗ್ರ್ಯಾನುಲೋಮದಲ್ಲಿ ಕೇಸಿಯಸ್ ಇರುವುದಿಲ್ಲವಾದ್ದರಿಂದ ಅದು ಈ ಕೋಷ್ಟಕಕ್ಕೆ ಬರುವುದೇ ಇಲ್ಲ, ನಿಮ್ಮ ಉರಿಯೂತದ ಕೋಷ್ಟಕಕ್ಕೆ ಹೋಗುತ್ತದೆ. ಆ ಕೋಷ್ಟಕದಲ್ಲಿ "ನೆಕ್ರೋಸಿಸ್ ಇದೆಯೇ, ಯಾವುದು" ಎಂಬ ಅಂಕಣ ಇಟ್ಟರೆ ಎರಡೂ ಪುಟಗಳು ಒಂದಕ್ಕೊಂದು ಮಾತನಾಡುತ್ತವೆ.

ಪ್ಯಾರಾಫಿನ್

ಅದಕ್ಕೇ ಕೇಸಿಯಸ್ ಕಂಡ ಬ್ಲಾಕ್‌ಗಳಿಗೆ ಝೀಲ್ ನೀಲ್ಸನ್ ಬಣ್ಣದ ಜೊತೆಗೆ ಶಿಲೀಂಧ್ರದ ಬಣ್ಣವನ್ನೂ ನಮ್ಮಿಂದ ಕೇಳುತ್ತಾರೆ. ಝೀಲ್ ನೀಲ್ಸನ್‌ನಲ್ಲಿ ಕೆಂಪು ಕಡ್ಡಿ ಸಿಗದಿದ್ದರೆ ಕ್ಷಯವಿಲ್ಲ ಎಂದೂ ವರದಿಯಲ್ಲಿ ಬರೆಯುವುದಿಲ್ಲ, ಬ್ಯಾಕ್ಟೀರಿಯಾ ಕಡಿಮೆಯಿದ್ದಾಗ ಇಡೀ ಸ್ಲೈಡ್ ಹುಡುಕಿದರೂ ಒಂದೂ ಸಿಗದಿರಬಹುದು.

ಯಕೃತ್ತಿನ ಅಮೀಬಾ ಆಬ್ಸೆಸನ್ನು ಈ ಕೋಷ್ಟಕದಲ್ಲಿ ಎಲ್ಲಿಡುತ್ತೀರಿ? ನಮ್ಮಲ್ಲಿಗೆ ಬರುವ ಆ ದ್ರವ ಚಾಕೊಲೇಟಿನ ಬಣ್ಣದ್ದು, ಗಟ್ಟಿ. ಸ್ಮಿಯರ್ ಮಾಡಿದರೆ ಕೀವಿನ ಕೋಶಗಳು ಅಷ್ಟಾಗಿ ಸಿಗುವುದಿಲ್ಲ.

ತುಂಗಾತೀರ

ಆಬ್ಸೆಸ್ ಎಂಬ ಹೆಸರೇ ಇದೆಯಲ್ಲ, ಲಿಕ್ವಿಫ್ಯಾಕ್ಟಿವ್ ಸಾಲಿನಲ್ಲಿ ಬ್ಯಾಕ್ಟೀರಿಯಾದ ಪಕ್ಕಕ್ಕೆ ಬರೆದರಾಯಿತು.

ಸೂಕ್ಷ್ಮದರ್ಶಿ

ಸಾಲು ಸರಿ, ಪಕ್ಕದವರು ಸರಿಯಲ್ಲ. ಬ್ಯಾಕ್ಟೀರಿಯಾದ ಆಬ್ಸೆಸ್‌ನಲ್ಲಿ ಅಂಗಾಂಶವನ್ನು ಕರಗಿಸುವುದರಲ್ಲಿ ನ್ಯೂಟ್ರೊಫಿಲ್‌ಗಳ ಕಿಣ್ವಗಳ ಪಾಲು ದೊಡ್ಡದು, ಅಲ್ಲಿ ಕೀವೆಂದರೆ ಬಹುತೇಕ ಅವುಗಳೇ. ಅಮೀಬಾದ ಗಾಯದಲ್ಲಿ ಎಂಟಮೀಬಾ ಹಿಸ್ಟೊಲಿಟಿಕಾ ತಾನೇ ಕೋಶಗಳನ್ನು ಕೊಂದು ಕರಗಿಸುತ್ತಾ ಹೋಗುತ್ತದೆ, ಒಳಗಿನ ದ್ರವದಲ್ಲಿ ನ್ಯೂಟ್ರೊಫಿಲ್‌ಗಳು ವಿರಳ, ಅಮೀಬಾಗಳು ಸಿಗುವುದೂ ನಡುವಿನಲ್ಲಲ್ಲ, ಗೋಡೆಯ ಅಂಚಿನಲ್ಲಿ. ಆದ್ದರಿಂದ ಲಿಕ್ವಿಫ್ಯಾಕ್ಟಿವ್ ಸಾಲಿನಲ್ಲಿಯೇ ಬರೆಯಿರಿ, ಆದರೆ ಸುತ್ತ ಬಂದ ಕೋಶಗಳ ಅಂಕಣದಲ್ಲಿ "ವಿರಳ" ಎಂದಿರಲಿ. ಉರಿಯೂತದ ಕೋಷ್ಟಕದಲ್ಲಿ ಇದನ್ನು ಕೀವಿನ ಉರಿಯೂತಕ್ಕೆ ಉದಾಹರಣೆಯಾಗಿ ಕೊಡಬೇಡಿ.

ತುಂಗಾತೀರ

ನಮ್ಮ ವಾರ್ಡಿನಲ್ಲಿ ಸೂಜಿ ಹಾಕಿ ತೆಗೆದ ಅಂತಹ ದ್ರವದ ವರದಿಯಲ್ಲಿ ನ್ಯೂಟ್ರೊಫಿಲ್‌ಗಳು ಧಾರಾಳವಾಗಿ ಇದ್ದದ್ದನ್ನು ನೋಡಿದ್ದೇನೆ.

ಸೂಕ್ಷ್ಮದರ್ಶಿ

ಬ್ಯಾಕ್ಟೀರಿಯಾ ಆಮೇಲೆ ಸೇರಿಕೊಂಡಿದ್ದರೆ ಹಾಗಾಗಬಹುದು. ಆ ರೋಗಿಯ ಕಲ್ಚರ್ ವರದಿಯನ್ನು ನೋಡದೆ ನಾನು ಏನೂ ಹೇಳಲಾರೆ.

ಎರಡನೇ ವರ್ಷದವಳು

"ವಿರಳ, ಬ್ಯಾಕ್ಟೀರಿಯಾ ಸೇರಿದರೆ ಹೆಚ್ಚು" ಎಂದು ಬರೆದುಕೊಂಡಿದ್ದೇನೆ. ಹತ್ತನೆಯ ದಿನದ ಹೃದಯದ ಮುಂದೆ "ದುರಸ್ತಿ" ಎಂದೇ ಇಟ್ಟಿದ್ದೇನೆ, ತುಂಗಾತೀರ ಅವರ ಆಕ್ಷೇಪವನ್ನು ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿದ್ದೇನೆ. ಉರಿಯೂತದ ಕೋಷ್ಟಕ ಮುಗಿದ ಮೇಲೆ ಇಲ್ಲಿಯೇ ಹಾಕುತ್ತೇನೆ. ಅದರಲ್ಲಿ ಟೈಫಾಯ್ಡ್‌ನ ಸಾಲು ಈಗಲೇ ತಲೆ ತಿನ್ನುತ್ತಿದೆ: ಬ್ಯಾಕ್ಟೀರಿಯಾದ ಸೋಂಕು, ಜ್ವರ ತೀವ್ರ, ಆದರೆ ಕರುಳಿನ ಸ್ಲೈಡಿನಲ್ಲಿ ಮುಖ್ಯವಾಗಿ ಮ್ಯಾಕ್ರೋಫೇಜ್‌ಗಳಿವೆ.